ಮೂರು ದಿನದ ಸಮ್ಮೇಳನ, ನಾಲ್ಕು ರಾತ್ರಿಯ ಕೊಠಡಿಗಳು: ಹೋಟೆಲೊಂದರ ಪ್ರಸ್ತಾವನಾ ಪತ್ರದ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಮೈಸೂರಿನ ಒಂದು ಹೋಟೆಲಿಗೂ ಬೆಂಗಳೂರಿನ ಒಂದು ಕೃಷಿ ಉಪಕರಣ ಕಂಪನಿಗೂ ಸಂಬಂಧಿಸಿದ್ದು. ಹೋಟೆಲಿನ ಮಾರಾಟ ವಿಭಾಗದಲ್ಲಿ ಆಗ ಕೆಲಸ ಮಾಡುತ್ತಿದ್ದ ನಾನು ಪತ್ರದ ಕರಡಿನಿಂದ ಹಿಡಿದು ಅಂತಿಮ ಬಿಲ್ಲಿನವರೆಗೆ ಎಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ. ಎರಡೂ ಸಂಸ್ಥೆಗಳ ಮತ್ತು ವ್ಯಕ್ತಿಗಳ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ, ಗುರುತು ಸಿಗದಂತೆ ದರಗಳನ್ನೂ ತುಸು ಬದಲಿಸಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ನಡೆದದ್ದೇ.

ಹೋಟೆಲಿನಲ್ಲಿ 132 ಕೊಠಡಿಗಳು, ಎರಡು ಸಭಾಂಗಣಗಳು. ಚೆಕ್-ಇನ್ ಮಧ್ಯಾಹ್ನ 2 ಗಂಟೆಗೆ, ಚೆಕ್-ಔಟ್ ಬೆಳಿಗ್ಗೆ 11 ಗಂಟೆಗೆ. ಮೈಸೂರಿನ ಹೋಟೆಲುಗಳ ವರ್ಷ ಒಂದೇ ಸಮನಾಗಿರುವುದಿಲ್ಲ. ದಸರಾ ದಿನಗಳಲ್ಲಿ ಕೊಠಡಿ ಕೇಳಿದರೂ ಸಿಗುವುದಿಲ್ಲ, ಮುಹೂರ್ತಗಳಿರುವ ತಿಂಗಳುಗಳಲ್ಲಿ ಸಭಾಂಗಣ ಸಿಗುವುದಿಲ್ಲ. ಆಷಾಢದಲ್ಲಾದರೋ ಮದುವೆಗಳಿಲ್ಲದೆ ಎರಡೂ ಸಭಾಂಗಣಗಳು ಖಾಲಿ ಬಿದ್ದಿರುತ್ತವೆ, ವಾರದ ನಡುವಿನ ದಿನಗಳಲ್ಲಿ ಕೊಠಡಿಗಳೂ ಅರ್ಧದಷ್ಟು ತುಂಬಿದರೆ ಹೆಚ್ಚು. ಆದ್ದರಿಂದ ಆಷಾಢದ ಒಂದು ಬುಧವಾರದಿಂದ ಶುಕ್ರವಾರದವರೆಗೆ ವಿತರಕರ ಸಮ್ಮೇಳನ ನಡೆಸಲು ಆ ಕಂಪನಿ ಏಪ್ರಿಲ್ ಕೊನೆಯಲ್ಲಿ ಮಿಂಚಂಚೆ ಕಳಿಸಿದಾಗ, ಹೋಟೆಲಿಗೆ ಅದು ಕೈಬಿಡಬಾರದ ವ್ಯವಹಾರವಾಗಿತ್ತು.

ಮಿಂಚಂಚೆಯಲ್ಲಿ ಇದ್ದದ್ದು ನಾಲ್ಕೇ ಸಾಲು: 180 ಜನ, ಇಬ್ಬರಿಗೊಂದರಂತೆ 90 ಕೊಠಡಿಗಳು, 3 ರಾತ್ರಿ, ಎಲ್ಲ ಊಟ-ತಿಂಡಿ ಮತ್ತು ಸಭಾಂಗಣ ಸೇರಿಸಿ ತಲಾ ಎಷ್ಟಾಗುತ್ತದೆ ತಿಳಿಸಿ. ಅದೇ ಪತ್ರ ಇನ್ನೂ ಎರಡು ಹೋಟೆಲುಗಳಿಗೆ ಹೋಗಿದೆ ಎಂಬುದು ನಮಗೆ ಮರುದಿನವೇ ತಿಳಿಯಿತು.

ಮೊದಲ ಕರಡು ಮತ್ತು ಅದನ್ನು ತಡೆದ ಪ್ರಶ್ನೆ

ಇಂತಹ ವಿಚಾರಣೆಗೆ ಉತ್ತರ ಬರೆಯುವುದು ಸುಲಭವೆಂದು ತೋರುತ್ತದೆ. ವಿಭಾಗದ ಯುವ ಅಧಿಕಾರಿಯೊಬ್ಬರು ಅಂದೇ ಸಂಜೆ ಕರಡು ಸಿದ್ಧಪಡಿಸಿದರು. ಬೆಳಗಿನ ತಿಂಡಿ ಸೇರಿ ಇಬ್ಬರ ಕೊಠಡಿಗೆ ರಾತ್ರಿಗೆ 4,800 ರೂಪಾಯಿಯಂತೆ 90 ಕೊಠಡಿ, 3 ರಾತ್ರಿ, ಒಟ್ಟು 12,96,000 ರೂಪಾಯಿ. ಅದರ ಮೇಲೆ 180 ಜನಕ್ಕೆ ಮೂರು ದಿನದ ಊಟ. ಕೊನೆಗೆ ಎಲ್ಲವನ್ನೂ ಕೂಡಿಸಿ ತಲೆಗಿಷ್ಟು ಎಂಬ ಒಂದೇ ಮೊತ್ತ. ಕೇಳಿದ್ದಕ್ಕೆ ಕೇಳಿದಂತೆಯೇ ಉತ್ತರವಿದ್ದುದರಿಂದ ಕರಡಿನಲ್ಲಿ ಮೇಲುನೋಟಕ್ಕೆ ದೋಷವೇನೂ ಕಾಣುತ್ತಿರಲಿಲ್ಲ.

ಅದನ್ನು ತಡೆದವರು ಮಾರಾಟ ವಿಭಾಗದ ಮುಖ್ಯಸ್ಥೆ. ಮೂರು ರಾತ್ರಿ ಎಂದರೆ ಯಾವ ಮೂರು ರಾತ್ರಿ ಎಂಬುದು ಅವರ ಪ್ರಶ್ನೆಯಾಗಿತ್ತು. ಸಮ್ಮೇಳನ ಬುಧ, ಗುರು, ಶುಕ್ರವಾರ ಎಂದಮೇಲೆ ಕರಡಿನ ಪ್ರಕಾರ ಬುಧವಾರ, ಗುರುವಾರ ಮತ್ತು ಶುಕ್ರವಾರದ ರಾತ್ರಿಗಳು ಕಾದಿರಿಸಲ್ಪಡುತ್ತವೆ. ಆದರೆ ಮೊದಲ ಗೋಷ್ಠಿ ಬುಧವಾರ ಬೆಳಿಗ್ಗೆ 10ಕ್ಕೆ ಆರಂಭವಾಗುವುದಾದರೆ ದೂರದ ಜಿಲ್ಲೆಗಳವರು ಅದಕ್ಕೂ ಮೊದಲು ಎಲ್ಲಿ ಇಳಿದು, ಎಲ್ಲಿ ಸ್ನಾನ ಮಾಡುತ್ತಾರೆ? ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಕಾರ್ಯಕ್ರಮ ಮುಗಿಯುವುದಾದರೆ ಆ ರಾತ್ರಿ 90 ಕೊಠಡಿಗಳಲ್ಲಿ ಮಲಗುವವರು ಯಾರು?

ದೂರವಾಣಿಯಲ್ಲಿ ಅವರು ಕಂಪನಿಯ ಆಡಳಿತ ವ್ಯವಸ್ಥಾಪಕರನ್ನು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ: “ಸರ್, ದರ ಆಮೇಲೆ ಹೇಳ್ತೀನಿ. ನಿಮ್ಮ ಡೀಲರ್‌ಗಳು ಯಾವ ಯಾವ ಊರಿಂದ, ಯಾವುದರಲ್ಲಿ ಬರ್ತಾರೆ ಅನ್ನೋದು ಗೊತ್ತಾಗಬೇಕು. ಬುಧವಾರ ಬೆಳಗಿನ ಜಾವ ರೈಲು ಇಳಿದವರನ್ನ ಮಧ್ಯಾಹ್ನ ಎರಡರವರೆಗೆ ಲಾಬಿಯಲ್ಲಿ ಕೂರಿಸೋಕಾಗಲ್ಲ.” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಮೇಡಂ, ಅದನ್ನ ನಾವು ಯೋಚನೆ ಮಾಡಿಲ್ಲ, ಪಟ್ಟಿ ತರಿಸಿಕೊಡ್ತೀನಿ” ಎಂಬ ಉತ್ತರ ಬಂತು. ಇಡೀ ಪ್ರಕರಣದ ತಿರುವು ಈ ಕರೆಯಲ್ಲಿದೆ. ದರ ಕೇಳಿದವರಿಗೆ ದರ ಹೇಳದೆ ಪ್ರಶ್ನೆ ಕೇಳುವುದು ಪೈಪೋಟಿಯಲ್ಲಿ ಅಪಾಯಕಾರಿಯೂ ಹೌದು. ಉಳಿದ ಎರಡು ಹೋಟೆಲುಗಳು ಅಷ್ಟರಲ್ಲಿ ಪತ್ರ ಕಳಿಸಿರುತ್ತವೆ. ನಾವು ಆ ಅಪಾಯವನ್ನು ಒಪ್ಪಿಕೊಂಡೆವು.

ರಾತ್ರಿವಾರು ಲೆಕ್ಕ

ಎರಡು ದಿನಗಳಲ್ಲಿ ಬಂದ ಪಟ್ಟಿ ಹೀಗಿತ್ತು. 180 ಜನರಲ್ಲಿ 60 ವಿತರಕರು ಕಲಬುರಗಿ, ರಾಯಚೂರು, ವಿಜಯಪುರ, ಬೆಳಗಾವಿ ಕಡೆಯವರು. ಅವರು ಮಂಗಳವಾರ ರಾತ್ರಿ ಪ್ರಯಾಣಿಸಿ ಬುಧವಾರ ನಸುಕಿನಲ್ಲೋ ಮುಂಜಾನೆಯೋ ರೈಲು, ಬಸ್ಸುಗಳಲ್ಲಿ ಮೈಸೂರು ತಲುಪುವವರು. 70 ವಿತರಕರು ದಾವಣಗೆರೆ, ಹಾಸನ, ತುಮಕೂರು ಮುಂತಾದ ಕಡೆಗಳಿಂದ ಬುಧವಾರ ಬೆಳಿಗ್ಗೆ ಹೊರಟು ಕಾರಿನಲ್ಲಿ ನೇರವಾಗಿ ಸಭಾಂಗಣಕ್ಕೇ ಬರುವವರು. 20 ವಿತರಕರು ಮೈಸೂರು, ನಂಜನಗೂಡು, ಮಂಡ್ಯದವರು, ಅವರಿಗೆ ಕೊಠಡಿಯೇ ಬೇಡ. ಉಳಿದ 30 ಜನ ಕಂಪನಿಯ ಸಿಬ್ಬಂದಿ. ಅವರಲ್ಲಿ 12 ಜನ ವೇದಿಕೆ ಮತ್ತು ಪ್ರದರ್ಶನದ ಸಿದ್ಧತೆಗೆ ಮಂಗಳವಾರವೇ ಬರುವವರು, 6 ಹಿರಿಯ ಅಧಿಕಾರಿಗಳಿಗೆ ಪ್ರತ್ಯೇಕ ಕೊಠಡಿ ಬೇಕು.

ಈ ಪಟ್ಟಿಯನ್ನು ರಾತ್ರಿಗಳಾಗಿ ಬಿಡಿಸಿದಾಗ ಚಿತ್ರ ಪೂರ್ತಿ ಬದಲಾಯಿತು. ಮಂಗಳವಾರ ರಾತ್ರಿಗೆ ಸಿದ್ಧತೆಯ ಸಿಬ್ಬಂದಿಗೆ 6, ಉತ್ತರ ಕರ್ನಾಟಕದವರಿಗೆ 30, ಒಟ್ಟು 36 ಕೊಠಡಿಗಳು ಬೇಕು. ಬುಧವಾರ ಮತ್ತು ಗುರುವಾರ ರಾತ್ರಿ ವಿತರಕರಿಗೆ 65, ಸಿಬ್ಬಂದಿಗೆ 18, ಒಟ್ಟು ತಲಾ 83. ಶುಕ್ರವಾರ ರಾತ್ರಿ ಸಾಮಾನು ಕಟ್ಟಿಸಿ ಹೊರಡುವ ಸಿಬ್ಬಂದಿಗೆ 4 ಸಾಕು. ಒಂದು ಕೊಠಡಿಯ ಒಂದು ರಾತ್ರಿಯನ್ನು ಒಂದು ರೂಮ್‌ನೈಟ್ ಎಂದು ಎಣಿಸಿ ಕೂಡಿಸಿದರೆ 206 ರೂಮ್‌ನೈಟ್‌ಗಳು. ಕಂಪನಿ ಕೇಳಿದ್ದು 270. ಕೇಳಿದಂತೆ ಕೊಟ್ಟಿದ್ದರೆ ಕಂಪನಿ ಬುಧವಾರ ಮತ್ತು ಗುರುವಾರ ತಲಾ 7, ಶುಕ್ರವಾರ 86, ಒಟ್ಟು 100 ರೂಮ್‌ನೈಟ್‌ಗಳಿಗೆ ವ್ಯರ್ಥವಾಗಿ ಹಣ ತೆರುತ್ತಿತ್ತು. ಅಷ್ಟು ತೆತ್ತ ಮೇಲೂ ಬುಧವಾರ ಬೆಳಗಿನ ಜಾವ ಬಂದ 60 ವಿತರಕರಿಗೆ ಕೊಠಡಿ ಇರುತ್ತಿರಲಿಲ್ಲ. ಒಂದು ಗುಂಪಿಗಾಗಿ ಒಟ್ಟಾಗಿ ಕಾದಿರಿಸಿಡುವ ಕೊಠಡಿಗಳ ರೂಮ್ ಬ್ಲಾಕ್ ಎಂಬುದನ್ನು ಎಲ್ಲ ರಾತ್ರಿಗೂ ಒಂದೇ ಸಂಖ್ಯೆಯೆಂದು ಭಾವಿಸುವುದೇ ಇಂತಹ ಪತ್ರಗಳಲ್ಲಿ ನಾನು ಅತಿ ಹೆಚ್ಚಾಗಿ ಕಂಡ ಎಡವಟ್ಟು. ಬ್ಲಾಕ್ ಏರಿ ಇಳಿಯುವಂಥದ್ದು. ಅದನ್ನು ನಿರ್ಧರಿಸುವುದು ಬರುವವರ ಊರು, ವಾಹನ ಮತ್ತು ಗೋಷ್ಠಿ ಆರಂಭವಾಗಿ ಮುಗಿಯುವ ಹೊತ್ತು.

ಹೋಟೆಲಿನ ಒಳಗಿನ ಚರ್ಚೆ

ಈ ಲೆಕ್ಕವನ್ನು ಪ್ರಧಾನ ವ್ಯವಸ್ಥಾಪಕರ ಮುಂದಿಟ್ಟಾಗ ಅವರಿಗೆ ಒಪ್ಪಿಗೆಯಾಗಲಿಲ್ಲ, ಅದು ಸಹಜವೇ. ಗ್ರಾಹಕರೇ 270 ಕೇಳಿರುವಾಗ 206ಕ್ಕೆ ಇಳಿಸುವುದು ಹೋಟೆಲಿನ ಹಣವನ್ನು ಬಿಟ್ಟುಕೊಟ್ಟಂತೆ ಎಂಬುದು ಅವರ ವಾದ. ಮಾರಾಟ ಮುಖ್ಯಸ್ಥೆ ಅದಕ್ಕೆ ಎರಡು ಉತ್ತರ ಕೊಟ್ಟರು.

ಮೊದಲನೆಯದು ಶುಕ್ರವಾರದ ರಾತ್ರಿ. ಆಷಾಢದಲ್ಲಿ ಮದುವೆಗಳಿಲ್ಲದಿದ್ದರೂ ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ಪ್ರವಾಸಿಗರು ಇದ್ದೇ ಇರುತ್ತಾರೆ, ಆಷಾಢ ಶುಕ್ರವಾರದಂದು ಚಾಮುಂಡಿ ಬೆಟ್ಟಕ್ಕೆ ಬರುವ ಹೊರ ಊರಿನ ಭಕ್ತರೂ ಇರುತ್ತಾರೆ. ಆ ರಾತ್ರಿಯ ಕೊಠಡಿಗಳನ್ನು ಗುಂಪಿನ ದರಕ್ಕಿಂತ ಹೆಚ್ಚಿಗೆ ಮಾರಬಹುದು. 90 ಕೊಠಡಿಗಳನ್ನು ಬ್ಲಾಕ್‌ನಲ್ಲಿಟ್ಟುಕೊಂಡು, ಕೊನೆಯ ವಾರದಲ್ಲಿ ಕಂಪನಿ ಅವುಗಳನ್ನು ಬಿಟ್ಟುಕೊಟ್ಟರೆ ಅವುಗಳನ್ನು ಮಾರಲು ಸಮಯವೇ ಇರುವುದಿಲ್ಲ. ಎರಡನೆಯದು, ಬೇಡದ ಕೊಠಡಿಗಳು ಬ್ಲಾಕ್‌ನಲ್ಲಿದ್ದರೆ ಕಂಪನಿ ಒಂದಲ್ಲ ಒಂದು ದಿನ ಅದನ್ನು ಕಂಡುಕೊಳ್ಳುತ್ತದೆ. ಆಗ ರದ್ದತಿಯ ಷರತ್ತಿನ ಮೇಲೆ ಜಗಳ ಶುರುವಾಗುತ್ತದೆ, ಜಗಳದಲ್ಲಿ ವಸೂಲಾದ ಹಣದ ಬೆನ್ನಿಗೆ ಮುಂದಿನ ವರ್ಷದ ಸಮ್ಮೇಳನ ಬೇರೆಡೆಗೆ ಹೋಗುತ್ತದೆ.

ಪ್ರಧಾನ ವ್ಯವಸ್ಥಾಪಕರು ಒಪ್ಪಿದ್ದು ಮೊದಲ ಉತ್ತರಕ್ಕೆ. ಅದೂ ಶುಕ್ರವಾರದ ಮುಂಗಡ ಕಾಯ್ದಿರಿಸುವಿಕೆಗಳು ಹಿಂದಿನ ವರ್ಷ ಹೇಗಿದ್ದವು ಎಂಬುದನ್ನು ಫ್ರಂಟ್ ಆಫೀಸಿನಿಂದ ತರಿಸಿ ನೋಡಿದ ಮೇಲೆ.

ಅರ್ಧ ದರದ ಮಂಗಳವಾರ

ಕಠಿಣ ಗಂಟು ಮಂಗಳವಾರದ್ದಾಗಿತ್ತು. ಬುಧವಾರ ನಸುಕಿನಲ್ಲಿ ಕೊಠಡಿ ಸಿದ್ಧವಿರಬೇಕಾದರೆ ಅದನ್ನು ಮಂಗಳವಾರ ರಾತ್ರಿ ಬೇರೆಯವರಿಗೆ ಕೊಡುವಂತಿಲ್ಲ. ಹಾಗಾಗಿ ಹೋಟೆಲಿನ ಲೆಕ್ಕದಲ್ಲಿ ಅದು ಮಾರಾಟವಾದ ರಾತ್ರಿಯೇ. ಆದರೆ ಯಾರೂ ಮಲಗದ ರಾತ್ರಿಗೆ ಪೂರ್ತಿ ಬಾಡಿಗೆ ಕೊಡಬೇಕೆಂದರೆ ಯಾವ ಕಂಪನಿಯ ಲೆಕ್ಕಪತ್ರ ವಿಭಾಗವೂ ಒಪ್ಪುವುದಿಲ್ಲ. ‘ಲಭ್ಯತೆಗೆ ಅನುಗುಣವಾಗಿ ಬೇಗನೆ ಚೆಕ್-ಇನ್’ ಎಂಬ ವಾಕ್ಯವನ್ನು ಹಾಕಿ ಅನೇಕ ಹೋಟೆಲುಗಳು ಇದನ್ನು ದಾಟಿಬಿಡುತ್ತವೆ. ಆ ವಾಕ್ಯ ಒಬ್ಬಿಬ್ಬರು ಅತಿಥಿಗಳ ವಿಷಯದಲ್ಲಿ ನಡೆಯಬಹುದು. 60 ಜನ ಪೆಟ್ಟಿಗೆ ಹಿಡಿದು ಒಟ್ಟಿಗೆ ಬಂದು ನಿಂತಾಗ ಅದರಿಂದ ಯಾರಿಗೂ ಉಪಯೋಗವಿಲ್ಲ.

ಆಷಾಢದ ಮಂಗಳವಾರ ಹೋಟೆಲಿನಲ್ಲಿ ಕೊಠಡಿಗಳು ಹೇಗೂ ಖಾಲಿ ಇರುವುದರಿಂದ ಆ 30 ಕೊಠಡಿಗಳನ್ನು ಅರ್ಧ ದರಕ್ಕೆ, ಬುಧವಾರ ಬೆಳಿಗ್ಗೆ 5 ಗಂಟೆಯಿಂದ, ತಿಂಡಿಸಹಿತ ಕೊಡುವುದೆಂದು ತೀರ್ಮಾನಿಸಿದೆವು. ಪತ್ರದ ಆ ಭಾಗವನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ಗುತ್ತಿಗೆ ನಮಗೆ ದೊರೆತದ್ದಕ್ಕೆ ಇದೇ ಮುಖ್ಯ ಕಾರಣವೆಂದು ಕಂಪನಿಯವರು ಆಮೇಲೆ ಹೇಳಿದರು:

“ತಮ್ಮ ವಿತರಕರ ಪೈಕಿ 60 ಮಂದಿ ಬುಧವಾರ ಬೆಳಗಿನ ಜಾವ ಮೈಸೂರು ತಲುಪುವರೆಂದು ತಾವು ತಿಳಿಸಿರುವುದರಿಂದ, ಅವರಿಗಾಗಿ 30 ಕೊಠಡಿಗಳನ್ನು ಮಂಗಳವಾರ ರಾತ್ರಿಯಿಂದಲೇ ಕಾಯ್ದಿರಿಸಿ, ಬುಧವಾರ ಬೆಳಿಗ್ಗೆ 5 ಗಂಟೆಗೆ ಕೀಲಿಕೈಗಳನ್ನು ಹೆಸರುವಾರು ಸಿದ್ಧವಾಗಿಟ್ಟಿರುತ್ತೇವೆ. ಈ 30 ಕೊಠಡಿಗಳಿಗೆ ಮಂಗಳವಾರದ ಮಟ್ಟಿಗೆ 2,400 ರೂಪಾಯಿ ಮತ್ತು ತೆರಿಗೆ ವಿಧಿಸಲಾಗುವುದು. ಇವರಲ್ಲಿ ಯಾರಾದರೂ ಮಂಗಳವಾರ ಸಂಜೆಯೇ ಬಂದು ತಂಗುವುದಾದರೆ ಆ ಕೊಠಡಿಗೆ ಪೂರ್ಣ ದರ ಅನ್ವಯಿಸುತ್ತದೆ. ಕಾರಿನಲ್ಲಿ ಬರುವ ವಿತರಕರ ಸಾಮಾನುಗಳನ್ನು ಬುಧವಾರ ಸಭಾಂಗಣದ ಪಕ್ಕದ ಕೊಠಡಿಯಲ್ಲಿ ಪಡೆದು, ಮಧ್ಯಾಹ್ನದ ಊಟದ ವೇಳೆಗೆ ಅವರವರ ಕೊಠಡಿಗಳಿಗೆ ತಲುಪಿಸಲಾಗುವುದು.”

ಈ ರೀತಿಯಲ್ಲಿ ಕೊಠಡಿಗಳ ಒಟ್ಟು ಮೊತ್ತ ತೆರಿಗೆ ಬಿಟ್ಟು 9,09,600 ರೂಪಾಯಿಗೆ ಬಂತು. ಒಬ್ಬರೇ ಇರುವ 6 ಕೊಠಡಿಗಳಿಗೆ 4,200 ಎಂದು ಹಿಡಿದಿದ್ದೆವು. ಪೈಪೋಟಿಯ ಒಂದು ಹೋಟೆಲು ಕೊಠಡಿಗೆ ನಮಗಿಂತ 400 ರೂಪಾಯಿ ಕಡಿಮೆ ಹೇಳಿತ್ತು. ಆದರೆ 90 ಕೊಠಡಿ, 3 ರಾತ್ರಿ ಎಂದೇ ಬರೆದಿದ್ದರಿಂದ ಅದರ ಮೊತ್ತ 11,88,000 ಆಗಿತ್ತು. ದರ ಹೆಚ್ಚಿದ್ದ ಹೋಟೆಲಿನ ಒಟ್ಟು ಮೊತ್ತ ಕಡಿಮೆಯಾಗಿದ್ದುದನ್ನು ಆಡಳಿತ ವ್ಯವಸ್ಥಾಪಕರು ತಮ್ಮ ನಿರ್ದೇಶಕರಿಗೆ ವಿವರಿಸಬೇಕಿತ್ತು. ಅದಕ್ಕೆ ಅನುಕೂಲವಾಗಲೆಂದು ಪತ್ರದ ಮೊದಲ ಪುಟದಲ್ಲೇ ಯಾವ ರಾತ್ರಿ ಯಾರಿಗಾಗಿ ಎಷ್ಟು ಕೊಠಡಿ ಎಂಬ ನಾಲ್ಕು ಸಾಲಿನ ಪಟ್ಟಿಯನ್ನು ಇಟ್ಟೆವು. ಹೋಟೆಲಿನ ಇತಿಹಾಸ, ಈಜುಕೊಳ, ಅರಮನೆಗೆ ಇರುವ ದೂರ ಇತ್ಯಾದಿಗಳನ್ನೆಲ್ಲ ಕೊನೆಯ ಪುಟಕ್ಕೆ ದೂಡಿದೆವು. ಪ್ರಸ್ತಾವನಾ ಪತ್ರವನ್ನು ನಾವು ಒಬ್ಬರಿಗೆ ಕಳಿಸುತ್ತೇವೆ, ನಿರ್ಧರಿಸುವವರು ಇನ್ನೊಬ್ಬರು. ನಡುವಿನ ವ್ಯಕ್ತಿ ಆ ಪತ್ರವನ್ನು ಹಿಡಿದು ನಮ್ಮ ಪರವಾಗಿ ಮಾತನಾಡಬಲ್ಲರೇ ಎಂಬುದು ನನ್ನ ದೃಷ್ಟಿಯಲ್ಲಿ ಪತ್ರದ ನಿಜವಾದ ಪರೀಕ್ಷೆ.

ಊಟದ ಪ್ಯಾಕೇಜು

ಕರಡಿನಲ್ಲಿದ್ದ ‘180 ಜನಕ್ಕೆ ಮೂರು ದಿನದ ಊಟ’ ಎಂಬ ಸಾಲನ್ನೂ ಬಿಡಿಸಬೇಕಾಯಿತು. ನಾವು ಅದನ್ನು ಎರಡು ಭಾಗ ಮಾಡಿದೆವು. ಹಗಲಿನ ಪ್ಯಾಕೇಜಿನಲ್ಲಿ ಎರಡು ಸಲ ಕುರುಕಲಿನೊಂದಿಗೆ ಕಾಫಿ-ಚಹಾ, ಮಧ್ಯಾಹ್ನದ ಊಟ, ಕುಡಿಯುವ ನೀರು, ಪ್ರೊಜೆಕ್ಟರ್ ಮತ್ತು ಮೈಕ್ ಸೇರಿ ತಲಾ 1,350 ರೂಪಾಯಿ. ರಾತ್ರಿ ಊಟ ಪ್ರತ್ಯೇಕ. ಸ್ಥಳೀಯ 20 ವಿತರಕರಿಗೆ ಹಗಲಿನ ಪ್ಯಾಕೇಜ್ ಮಾತ್ರ ಸಾಕಾದ್ದರಿಂದ ಈ ವಿಭಜನೆಯಿಂದ ಅವರ ಲೆಕ್ಕ ಸರಿಹೋಯಿತು. ದಿನಕ್ಕೆ ಕನಿಷ್ಠ 130 ಪ್ಯಾಕೇಜುಗಳ ಭರವಸೆ ಇದ್ದರೆ ಸಭಾಂಗಣದ ಬಾಡಿಗೆ ಇಲ್ಲ ಎಂದು ಬರೆದೆವು. ಮದುವೆಯ ತಿಂಗಳಲ್ಲಾಗಿದ್ದರೆ ಆ ವಾಕ್ಯವನ್ನು ಬರೆಯುವ ಧೈರ್ಯ ನಮಗಿರುತ್ತಿರಲಿಲ್ಲ.

ಕನಿಷ್ಠ ಭರವಸೆಯ ಸಂಖ್ಯೆ, ಅಂದರೆ ಬ್ಯಾಂಕ್ವೆಟ್‌ನವರು ಗ್ಯಾರಂಟಿ ಎಂದು ಕರೆಯುವುದು, ಊಟದ ಷರತ್ತುಗಳಲ್ಲೆಲ್ಲ ಹೆಚ್ಚು ತಕರಾರಿಗೆ ಕಾರಣವಾಗುವಂಥದ್ದು. ಕಂಪನಿ 72 ಗಂಟೆಗಳ ಮೊದಲು ಒಂದು ಸಂಖ್ಯೆಯನ್ನು ಖಚಿತಪಡಿಸುತ್ತದೆ. ಅಷ್ಟಕ್ಕೆ ಹಣ ಕೊಡಲೇಬೇಕು, ಹೆಚ್ಚು ಜನ ಬಂದರೆ ಹೆಚ್ಚಿನವರಿಗೂ ಕೊಡಬೇಕು. ಅಡುಗೆಮನೆ ಆ ಸಂಖ್ಯೆಗಿಂತ ಶೇ. 5ರಷ್ಟು ಹೆಚ್ಚಿಗೆ ಮಾಡಿಟ್ಟಿರುತ್ತದೆ. ಮೂರೂ ದಿನಕ್ಕೆ 180 ಎಂದು ಬರೆಯಲು ಕಂಪನಿ ಸಿದ್ಧವಿತ್ತು. ಆದರೆ ಕೊನೆಯ ದಿನ ಊಟಕ್ಕೆ ಎಲ್ಲರೂ ಉಳಿಯುವುದಿಲ್ಲ, ಕಾರಿನವರು ಬೆಳಗಿನ ಗೋಷ್ಠಿ ಮುಗಿಯುತ್ತಿದ್ದಂತೆ ಹೊರಡುತ್ತಾರೆ ಎಂಬುದನ್ನು ನಾವೇ ಹೇಳಿ ಶುಕ್ರವಾರದ ಸಂಖ್ಯೆಯನ್ನು 130ಕ್ಕೆ ಇಳಿಸಲು ಸೂಚಿಸಿದೆವು. ಬುಧವಾರಕ್ಕೆ 170, ಗುರುವಾರಕ್ಕೆ 165 ಎಂದಾಯಿತು. ತಟ್ಟೆ ಎಣಿಸುವಾಗ ವಾದ ಬರಬಾರದೆಂದು ದಿನಕ್ಕೊಂದು ಬಣ್ಣದ ಕೂಪನ್ ಇರುತ್ತದೆ, ಪ್ರತಿ ಊಟ ಮುಗಿದ ಕೂಡಲೇ ಕಂಪನಿಯ ಒಬ್ಬರು ಮತ್ತು ಬ್ಯಾಂಕ್ವೆಟ್ ಕ್ಯಾಪ್ಟನ್ ಇಬ್ಬರೂ ಎಣಿಕೆಯ ಹಾಳೆಗೆ ಸಹಿ ಹಾಕುತ್ತಾರೆ ಎಂದು ಪತ್ರದಲ್ಲೇ ಸೇರಿಸಿದೆವು.

ಇನ್ನೊಂದು ತೊಡಕನ್ನು ಕಂಡವರು ಮುಖ್ಯ ಬಾಣಸಿಗರು. ಕಂಪನಿ ಪ್ರಶಸ್ತಿ ಪ್ರದಾನದ ದೊಡ್ಡ ಊಟವನ್ನು, ಮಾಂಸಾಹಾರ ಸಹಿತ, ಗುರುವಾರ ರಾತ್ರಿಗೆ ಇಟ್ಟಿತ್ತು. ಪಂಚಾಂಗ ನೋಡಿದರೆ ಆ ಗುರುವಾರ ಆಷಾಢ ಬಹುಳ ಏಕಾದಶಿ. ವಿಜಯಪುರ, ಬೆಳಗಾವಿ ಕಡೆಯ ವಿಠ್ಠಲನ ಭಕ್ತರಲ್ಲಿ ಅಂದು ಅನ್ನ ಮುಟ್ಟದವರು ಕೆಲವರಾದರೂ ಇರುತ್ತಾರೆ. ಅದು ವರ್ಷದ ಬಹುಮಾನ ಪಡೆಯುವ ರಾತ್ರಿ, ಅತಿಥಿ ಎಲೆಯ ಮುಂದೆ ಕೂರದೆ ಹೋಗುವಂತಾಗಬಾರದು. ಪ್ರಶಸ್ತಿಯ ಊಟವನ್ನು ಬುಧವಾರ ರಾತ್ರಿಗೆ ತಂದು, ಗುರುವಾರ ರಾತ್ರಿ ಸರಳ ಸಸ್ಯಾಹಾರದ ಊಟದ ಜೊತೆಗೆ ಸಾಬೂದಾನೆ ಖಿಚಡಿ, ಹಣ್ಣು, ಹಾಲು ಇರುವ ಪ್ರತ್ಯೇಕ ಮೇಜನ್ನಿಡುವುದಾಗಿ ಪತ್ರದಲ್ಲಿ ಸೂಚಿಸಿದೆವು. ಸ್ಥಳೀಯ 20 ಜನರೂ ಪ್ರಶಸ್ತಿ ಸಮಾರಂಭಕ್ಕೆ ಉಳಿಯುವುದರಿಂದ ಬುಧವಾರ ರಾತ್ರಿಯ ಗ್ಯಾರಂಟಿ 165 ಆಯಿತು, ಗುರುವಾರದ್ದು 120ಕ್ಕೆ ಇಳಿಯಿತು.

ವಿಚಾರಣೆಯಲ್ಲಿ ಎಲ್ಲಿಯೂ ಇಲ್ಲದಿದ್ದ ಒಂದು ಗುಂಪು ಕಾರಿನ ಚಾಲಕರದ್ದು. 70 ವಿತರಕರು ಕಾರಿನಲ್ಲಿ ಬಂದರೆ ಇಪ್ಪತ್ತು-ಇಪ್ಪತ್ತೈದು ಚಾಲಕರಾದರೂ ಜೊತೆಗೆ ಬರುತ್ತಾರೆ. ಪತ್ರದಲ್ಲಿ ಅವರ ಪ್ರಸ್ತಾಪವಿಲ್ಲದಿದ್ದರೆ ಮೊದಲ ಮಧ್ಯಾಹ್ನವೇ ಅವರು ಊಟಕ್ಕೆ ಎಲ್ಲಿ ಹೋಗಬೇಕೆಂದು ವಿತರಕರು ಕಂಪನಿಯನ್ನೂ, ಕಂಪನಿ ಹೋಟೆಲನ್ನೂ ಕೇಳುವ ಪರಿಸ್ಥಿತಿ ಬರುತ್ತದೆ. ಹೋಟೆಲಿನ ಹಿಂಬದಿಯ ಊಟದ ಕೋಣೆಯಲ್ಲಿ ಮೂರು ಹೊತ್ತಿನ ಊಟಕ್ಕೆ ದಿನಕ್ಕೆ 450 ರೂಪಾಯಿ, ನಮ್ಮಲ್ಲಿರುವ 12 ಹಾಸಿಗೆಗಳ ಡಾರ್ಮಿಟರಿ ಮತ್ತು ಉಳಿದವರಿಗೆ ಹತ್ತಿರದ ಲಾಡ್ಜಿನಲ್ಲಿ ವ್ಯವಸ್ಥೆ ಎಂದು ಬರೆದೆವು. ಆ ಸಾಲುಗಳನ್ನು ಓದಿದ ಮೇಲೆ ಇವರು ಡೀಲರ್ ಸಭೆಗಳನ್ನು ನಡೆಸಿ ಬಲ್ಲವರು ಎಂಬ ನಂಬಿಕೆ ಬಂತೆಂದು ಆಡಳಿತ ವ್ಯವಸ್ಥಾಪಕರು ನಮಗೆ ಹೇಳಿದರು.

ತೆರಿಗೆಯ ವಿಷಯ

ತಲೆಗಿಷ್ಟು ಎಂಬ ಒಂದೇ ಮೊತ್ತವನ್ನು ನಾವು ಕೈಬಿಡಲು ತೆರಿಗೆಯೂ ಒಂದು ಕಾರಣ. ರಾತ್ರಿಗೆ 7,500 ರೂಪಾಯಿವರೆಗಿನ ಕೊಠಡಿಗೆ ಆಗ ಶೇ. 12 ಜಿಎಸ್‌ಟಿ ಇತ್ತು (2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ). ಹೋಟೆಲಿನ ಸೂಟ್‌ಗಳ ದರ 7,500 ದಾಟುತ್ತಿದ್ದುದರಿಂದ ಊಟಕ್ಕೆ ಶೇ. 18 ಇತ್ತು. ಎಲ್ಲವನ್ನೂ ಒಂದೇ ಮೊತ್ತದಲ್ಲಿ ಬೆರೆಸಿದರೆ ಇಡೀ ಮೊತ್ತಕ್ಕೆ ಹೆಚ್ಚಿನ ದರ ತಗಲುವ ಸಾಧ್ಯತೆ ಇತ್ತು. ಅದಲ್ಲದೆ, ಸಿಬ್ಬಂದಿ ಮತ್ತು ಅತಿಥಿಗಳ ಊಟೋಪಚಾರದ ಮೇಲೆ ತೆತ್ತ ತೆರಿಗೆಯನ್ನು ಕಂಪನಿಗಳು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು, ಪಡೆಯುವಂತಿಲ್ಲ, ವಸತಿಯ ಮೇಲಿನದಕ್ಕೆ ಆ ತಡೆ ಇಲ್ಲ. ಕೊಠಡಿಗೂ ಊಟಕ್ಕೂ ಬೇರೆ ಬೇರೆ ಬಿಲ್ ಕೊಡುತ್ತೇವೆಂದು ಪತ್ರದಲ್ಲಿ ಬರೆದದ್ದು ಅವರ ಲೆಕ್ಕಪತ್ರ ವಿಭಾಗಕ್ಕೆ ಹಿಡಿಸಿತು. ಕಂಪನಿಯ ನೋಂದಣಿ ಕರ್ನಾಟಕದಲ್ಲೇ ಇದ್ದುದರಿಂದ ಇದು ಸಲೀಸಾಯಿತು. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಮಾತ್ರ ನೋಂದಾಯಿತವಾದ ಕಂಪನಿಯಾಗಿದ್ದರೆ, ವಸತಿಯ ತೆರಿಗೆ ಹೋಟೆಲು ಇರುವ ರಾಜ್ಯಕ್ಕೇ ಸೇರುವುದರಿಂದ, ಆ ಕ್ರೆಡಿಟ್ ಅವರಿಗೆ ದಕ್ಕುತ್ತಿರಲಿಲ್ಲ. ಅಂತಹ ಕಂಪನಿಗೆ ಪತ್ರ ಬರೆಯುವಾಗ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಿಡುಗಡೆಯ ದಿನಾಂಕಗಳು

ಬ್ಲಾಕ್ ಮಾಡಿದ ಕೊಠಡಿಗಳನ್ನು ಕಂಪನಿ ಎಂದಿನವರೆಗೆ ದಂಡವಿಲ್ಲದೆ ಬಿಟ್ಟುಕೊಡಬಹುದು ಎಂಬುದು ಪತ್ರದ ಹಿಂದಿನ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಅಡಗಬಾರದ ಸಂಗತಿ. ನಾವು ಅದನ್ನು ದಿನಾಂಕಗಳಾಗಿಯೇ ಬರೆದೆವು. ಸಮ್ಮೇಳನಕ್ಕೆ 21 ದಿನ ಮೊದಲಿನವರೆಗೆ ಯಾವುದೇ ರಾತ್ರಿಯ ಬ್ಲಾಕ್‌ನಲ್ಲಿ ಶೇ. 15ರಷ್ಟು, ಅಲ್ಲಿಂದ 10 ದಿನ ಮೊದಲಿನವರೆಗೆ ಇನ್ನೂ ಶೇ. 5ರಷ್ಟು ಉಚಿತವಾಗಿ ಬಿಡಬಹುದು. 7 ದಿನ ಮೊದಲು ಹೆಸರುಗಳ ರೂಮಿಂಗ್ ಲಿಸ್ಟ್ ಬರಬೇಕು. ಆಮೇಲೆ ಬಾರದೆ ಹೋದವರ ಕೊಠಡಿಗೆ ಒಂದು ರಾತ್ರಿಯ ಬಾಡಿಗೆ. ಹೆಸರು ಬದಲಾವಣೆಗೆ ಮಾತ್ರ ಕೊನೆಯ ಗಳಿಗೆಯವರೆಗೂ ಶುಲ್ಕವಿಲ್ಲ. ಮುಂಗಡವಾಗಿ ಒಪ್ಪಂದದ ದಿನ ಶೇ. 25, 15 ದಿನ ಮೊದಲು ಶೇ. 50, ಉಳಿದದ್ದು ಬಿಲ್ ತಲುಪಿದ 15 ದಿನಗಳೊಳಗೆ.

‘ಹೆಚ್ಚುವರಿ ಕೊಠಡಿಗಳು ಬೇಕಾದಲ್ಲಿ ಲಭ್ಯವಿರುವವರೆಗೆ ಇದೇ ದರ’ ಎಂಬ ಸಾಲನ್ನೂ ಸೇರಿಸಿದ್ದೆವು. ಅದರಿಂದ ಕಂಪನಿಗೆ ಬಂದ ಅನುಕೂಲವನ್ನು ನಾವೂ ಮೊದಲು ಪೂರ್ತಿ ಊಹಿಸಿರಲಿಲ್ಲ. ಕೊನೆಗೆ ಬೇಕಾದರೆ ಸಿಗುತ್ತದೆ ಎಂಬ ಭರವಸೆ ಇದ್ದುದರಿಂದ ಅವರು ಭಯಕ್ಕೆ ಹೆಚ್ಚಿನ ಕೊಠಡಿ ಹಿಡಿದಿಟ್ಟುಕೊಳ್ಳಲಿಲ್ಲ. 23 ದಿನ ಇರುವಾಗ ಬುಧ ಮತ್ತು ಗುರುವಾರದ ತಲಾ 9 ಕೊಠಡಿಗಳನ್ನು ಬಿಟ್ಟುಕೊಟ್ಟರು, ಕೊನೆಯ ಹತ್ತು ದಿನಗಳಲ್ಲಿ ಹೊಸ ವಿತರಕರು ಸೇರಿದಾಗ 5ನ್ನು ಮರಳಿ ಪಡೆದರು.

ನಡೆದದ್ದು

ಮಂಗಳವಾರ 34, ಬುಧವಾರ 79, ಗುರುವಾರ 77, ಶುಕ್ರವಾರ 5. ಹೀಗೆ 206ರ ಬ್ಲಾಕ್‌ನಲ್ಲಿ 195 ರೂಮ್‌ನೈಟ್‌ಗಳು ಬಳಕೆಯಾದವು. ಬುಧವಾರ ನಸುಕಿನಲ್ಲಿ ಬಂದವರು ಕೀಲಿಕೈ ಪಡೆದು ಮೇಲೆ ಹೋಗಿ, 9 ಗಂಟೆಗೆ ತಿಂಡಿಗೆ ಇಳಿದು ಬಂದರು. ಲಾಬಿಯಲ್ಲಿ ಗುಂಪು ಕಟ್ಟಲೇ ಇಲ್ಲ.

ಊಟದಲ್ಲಿ ಬುಧವಾರದ ಪ್ರಶಸ್ತಿ ರಾತ್ರಿ ಗ್ಯಾರಂಟಿಯನ್ನು ಮೀರಿ 178 ಜನ ಬಂದರು. ಶೇ. 5ರ ಹೆಚ್ಚುವರಿಯೂ ಸಾಲದೆ ಕೊನೆಯ ಸರದಿಗೆ ಪಲ್ಯವೊಂದು ಮುಗಿದುಹೋಯಿತು. ದೋಸೆಯ ಕಲ್ಲು ಅಲ್ಲೇ ಉರಿಯುತ್ತಿದ್ದುದರಿಂದ ಯಾರೂ ಹಸಿದು ಏಳಲಿಲ್ಲ. ಸ್ಥಳೀಯರು ಮನೆಮಂದಿಯನ್ನು ಕರೆತರುವ ಸಾಧ್ಯತೆಯನ್ನು ಸಮಾರಂಭದ ರಾತ್ರಿಗಳಲ್ಲಿ ಲೆಕ್ಕಕ್ಕೆ ಹಿಡಿಯಲೇಬೇಕು. ಗುರುವಾರ 126 ಜನ ಉಂಡರು, ಉಪವಾಸದವರ ಮೇಜಿಗೆ ನಾವೆಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಶುಕ್ರವಾರ ಮಧ್ಯಾಹ್ನ 112 ಜನ ಮಾತ್ರ ಉಳಿದರು. ಕಂಪನಿ 130ಕ್ಕೆ ಹಣ ಕೊಟ್ಟಿತು, ತಕರಾರು ಮಾಡಲಿಲ್ಲ. ಎಣಿಕೆಯ ಹಾಳೆಯಲ್ಲಿ ಅವರದೇ ಸಹಿ ಇತ್ತು, ಮೂಲದಲ್ಲಿ 180 ಎಂದಿದ್ದ ಸಂಖ್ಯೆಯನ್ನು ಇಳಿಸಿದ್ದು ಹೋಟೆಲೇ ಎಂಬುದೂ ಅವರಿಗೆ ನೆನಪಿತ್ತು.

ಕೆಟ್ಟದ್ದು ಶುಕ್ರವಾರ ಬೆಳಿಗ್ಗೆ. ಗೋಷ್ಠಿ ಮುಗಿಯುವುದು ಮಧ್ಯಾಹ್ನ, ಚೆಕ್-ಔಟ್ 11ಕ್ಕೆ. ಆದ್ದರಿಂದ ವಿತರಕರು 9 ಗಂಟೆಯೊಳಗೆ ಕೊಠಡಿ ಖಾಲಿ ಮಾಡಿ ಸಾಮಾನುಗಳನ್ನು ನಮ್ಮ ವಶಕ್ಕೆ ಕೊಡಬೇಕೆಂದು ಪತ್ರದಲ್ಲಿತ್ತು. ರಾತ್ರಿ ರೈಲಿನವರಿಗೆ ಸಂಜೆ ಬಟ್ಟೆ ಬದಲಿಸಲು 6 ಕೊಠಡಿಗಳ ವ್ಯವಸ್ಥೆಯೂ, ಕಟ್ಟಿಕೊಂಡು ಹೋಗಲು ಚಪಾತಿ-ಪಲ್ಯ, ಮೊಸರನ್ನದ ಪೊಟ್ಟಣಗಳೂ ಇದ್ದವು. ಆದರೆ 8.30ರಿಂದ 9ರ ನಡುವೆ ಎಪ್ಪತ್ತಕ್ಕೂ ಹೆಚ್ಚು ಕೊಠಡಿಗಳವರು ಒಟ್ಟಿಗೆ ಕೌಂಟರಿಗೆ ಬಂದರು. ಕೊಠಡಿ, ಊಟ ಕಂಪನಿಯ ಬಿಲ್ಲಿಗೆ, ಬಟ್ಟೆ ಒಗೆತ, ಬಾರ್, ರೂಮ್ ಸರ್ವಿಸ್ ಅವರವರ ಜೇಬಿಗೆ ಎಂದು ಪತ್ರ ಹೇಳಿತ್ತು. ಆ ಸ್ವಂತ ಖರ್ಚನ್ನು ಯಾವಾಗ ವಸೂಲು ಮಾಡುವುದೆಂದು ಮಾತ್ರ ಹೇಳಿರಲಿಲ್ಲ. ಎರಡು ಕೌಂಟರುಗಳಲ್ಲಿ ಇನ್ನೂರು-ಮುನ್ನೂರು ರೂಪಾಯಿಯ ಬಿಲ್ಲುಗಳನ್ನು ಒಂದೊಂದಾಗಿ ಮುಗಿಸುವಷ್ಟರಲ್ಲಿ ಬೆಳಗಿನ ಗೋಷ್ಠಿ 40 ನಿಮಿಷ ತಡವಾಯಿತು. ಕಂಪನಿಯ ನಿರ್ದೇಶಕರ ಭಾಷಣ ಅದೇ ಗೋಷ್ಠಿಯಲ್ಲಿತ್ತು. ಮೂರು ದಿನಗಳಲ್ಲಿ ಅವರು ಅಸಮಾಧಾನ ತೋರಿದ್ದು ಆಗೊಮ್ಮೆ ಮಾತ್ರ.

ಆಷಾಢ ಶುಕ್ರವಾರದಂದು ಬೆಟ್ಟದ ಮೇಲೆ ಖಾಸಗಿ ವಾಹನಗಳಿಗೆ ನಿರ್ಬಂಧವಿರುತ್ತದೆ, ಜನಸಂದಣಿಯೂ ಅಪಾರ. ಇದನ್ನು ಪತ್ರದಲ್ಲಿ ತಿಳಿಸಿ ದೇವಿಯ ದರ್ಶನವನ್ನು ಗುರುವಾರ ಬೆಳಗಿನ ಜಾವಕ್ಕೆ ಇಡಿಸಿದ್ದೆವು. ಅದು ಸುಗಮವಾಗಿ ನಡೆಯಿತು. ನಾವು ಬಿಟ್ಟುಕೊಟ್ಟಿದ್ದ ಶುಕ್ರವಾರ ರಾತ್ರಿಯ ಕೊಠಡಿಗಳಲ್ಲಿ ಹೆಚ್ಚಿನವು ಗುಂಪಿನ ದರಕ್ಕಿಂತ ಮೇಲೆಯೇ ಮಾರಾಟವಾದವು.

ಪ್ರಕರಣದಿಂದ ತಿಳಿದುಬರುವುದು

ಮುಂದಿನ ವರ್ಷ ಅದೇ ಕಂಪನಿಗೆ ಬರೆದ ಪತ್ರದಲ್ಲಿ ಶುಕ್ರವಾರದ ವ್ಯವಸ್ಥೆಯನ್ನು ಹೀಗೆ ಬದಲಿಸಲಾಯಿತು: ಗುರುವಾರ ರಾತ್ರಿ 8ರಿಂದ 10.30ರವರೆಗೆ ಊಟದ ಸಭಾಂಗಣದ ಬಾಗಿಲಲ್ಲೇ ಒಂದು ಮೇಜು ಹಾಕಿ ಸ್ವಂತ ಖರ್ಚಿನ ಬಿಲ್ಲುಗಳನ್ನು ತೀರಿಸಲಾಗುವುದು. ಅನಂತರ ಆ ಕೊಠಡಿಗಳಲ್ಲಿ ರೂಮ್ ಸರ್ವಿಸ್‌ಗೆ ನಗದು ಮಾತ್ರ. ಬೆಳಿಗ್ಗೆ ಕೀಲಿಕೈಯನ್ನು ತಿಂಡಿಯ ಹಾಲ್‌ನಲ್ಲಿರುವ ಪೆಟ್ಟಿಗೆಗೆ ಹಾಕಿ ಹೋದರೆ ಸಾಕು. ಬರುವವರ ಹೊತ್ತನ್ನು ಅಷ್ಟು ಎಚ್ಚರದಿಂದ ಲೆಕ್ಕ ಹಾಕಿದ್ದ ಪತ್ರ ಹೊರಡುವವರ ಹೊತ್ತನ್ನು ಅದೇ ಎಚ್ಚರದಿಂದ ನೋಡಿರಲಿಲ್ಲ. ಸಮ್ಮೇಳನದ ಪತ್ರ ಬರೆಯುವವರು ಮೊದಲ ದಿನದ ಮುಂಜಾನೆ ಮತ್ತು ಕೊನೆಯ ದಿನದ ಮುಂಜಾನೆ ಎರಡನ್ನೂ ಗಂಟೆಗಂಟೆಯಾಗಿ ಬರೆದು ನೋಡಿಕೊಂಡರೆ, ನಡುವಿನ ದಿನಗಳು ಬಹುಮಟ್ಟಿಗೆ ತಾವಾಗಿಯೇ ಸರಿಹೋಗುತ್ತವೆ ಎಂಬುದು ನನ್ನ ಅನುಭವ.

ಆದರೆ ಈ ಪತ್ರವನ್ನು ಹಾಗೆಯೇ ಎತ್ತಿಕೊಂಡು ಬಳಸುವಂತಿಲ್ಲ. ಅರ್ಧ ದರದ ಮಂಗಳವಾರ, ಬಾಡಿಗೆಯಿಲ್ಲದ ಸಭಾಂಗಣ, ಹೆಚ್ಚುವರಿ ಕೊಠಡಿಗೂ ಅದೇ ದರ ಎಂಬ ಮೂರೂ ರಿಯಾಯಿತಿಗಳು ಆಷಾಢದ ಖಾಲಿತನದಿಂದ ಹುಟ್ಟಿದವು. ಇದೇ ಸಮ್ಮೇಳನ ದಸರೆಯ ವಾರದಲ್ಲೋ ಮುಹೂರ್ತಗಳು ತುಂಬಿದ ಮಾಘದಲ್ಲೋ ನಡೆದಿದ್ದರೆ, ರಾತ್ರಿವಾರು ಬ್ಲಾಕ್ ಹಾಗೆಯೇ ಇರುತ್ತಿತ್ತು. ಮಂಗಳವಾರಕ್ಕೆ ಪೂರ್ಣ ದರ, ಬಿಡುಗಡೆಗೆ 45 ದಿನಗಳ ಗಡುವು, ಸಭಾಂಗಣಕ್ಕೆ ಬಾಡಿಗೆ ಎಂದು ಬರೆಯಬೇಕಾಗುತ್ತಿತ್ತು. ಆಗ ಬೆಳಗಿನ ಜಾವ ಬರುವ 60 ಜನರಿಗೆ ಕೊಠಡಿಯ ಬದಲು ಹತ್ತು ಕೊಠಡಿಗಳನ್ನು ಸ್ನಾನಕ್ಕೆ ಬಿಟ್ಟುಕೊಟ್ಟು, ಮೊದಲ ಗೋಷ್ಠಿಯನ್ನು 11.30ಕ್ಕೆ ಮುಂದೂಡುವಂತೆ ಕಂಪನಿಯನ್ನು ಕೇಳಿಕೊಳ್ಳುವುದೇ ನಾವು ಕೊಡಬಹುದಾಗಿದ್ದ ಸಲಹೆ.